ಲಿಫ್ಟಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿದದ್ದು

ಮನೆಯವರ ಹೃದಯದ ಆಪರೇಶನ್ ನಡೆಯುತ್ತಿದ್ದಾಗ ನಾನು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಕೊಲ್ಲೂರಿನ ಅಮ್ಮನಿಗೆ ಹರಕೆ ಹೇಳಿಕೊಂಡಿದ್ದೆ. ಇವರನ್ನು ಉಳಿಸಿಕೊಡು, ಕೊಡಚಾದ್ರಿಯನ್ನು ಬುಡದಿಂದ ಕಾಲ್ನಡಿಗೆಯಲ್ಲಿ ಹತ್ತಿ, ಕಾಲ್ನಡಿಗೆಯಲ್ಲೇ ಇಳಿದು ಬಂದು ನಿನ್ನ ಮುಂದೆ ನಿಲ್ಲುತ್ತೇನೆ ಎಂದು. ಅಮ್ಮ ತನ್ನ ಪಾಲಿನದ್ದನ್ನು ನಡೆಸಿಕೊಟ್ಟಳು. ಇವರು ಈಗ ಅಂಗಳದಲ್ಲಿ ತೆಂಗಿನಕಾಯಿ ಸುಲಿಯಲು ಹೋಗಿ ನನ್ನಿಂದ ಬೈಸಿಕೊಳ್ಳುವಷ್ಟು ಗಟ್ಟಿಯಾಗಿದ್ದಾರೆ. ನನ್ನ ಪಾಲಿನದ್ದು ಮಾತ್ರ ಅರ್ಧಕ್ಕೆ ನಿಂತಿತ್ತು.

ಮೊದಲ ಸಲ ತಯಾರಿ ಮಾಡದೆ ಹೋದವಳಲ್ಲ ನಾನು. ಆದರೆ ನಮ್ಮ ಬಾರ್ಕೂರು ಗದ್ದೆಯ ಊರು, ಅಭ್ಯಾಸಕ್ಕೆ ಗುಡ್ಡವನ್ನು ಎಲ್ಲಿಂದ ತರುವುದು? ಕುಂದಾಪುರದಲ್ಲಿ ಅತ್ತಿಗೆ, ಅಂದರೆ ಇವರ ಅಕ್ಕ, ಫ್ಲಾಟಿನ ನಾಲ್ಕನೇ ಮಹಡಿಯಲ್ಲಿದ್ದಾರೆ. ಬ್ರಹ್ಮಾವರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗುವುದು, ದೇವರ ನಾಮ ಹೇಳುತ್ತಾ ಮೆಟ್ಟಿಲು ಹತ್ತುವುದು, ಲಿಫ್ಟಿನಲ್ಲಿ ಕೆಳಗೆ ಬರುವುದು, ಮತ್ತೆ ಹತ್ತುವುದು. ಇಳಿಯುವುದಕ್ಕೂ ಅಭ್ಯಾಸ ಬೇಕೆಂದು ನನಗೂ ಹೊಳೆಯಲಿಲ್ಲ, ಅತ್ತಿಗೆಗೂ ಹೊಳೆಯಲಿಲ್ಲ. ನೀರು ಕೂಡ ತಾನಾಗಿಯೇ ಇಳಿಯುತ್ತದಲ್ಲ!

ಹತ್ತುವಾಗ ಅಮ್ಮನ ದಯೆ, ಉಸಿರು ಚೆನ್ನಾಗಿಯೇ ಇತ್ತು. ಅತ್ತಿಗೆಯೂ ನಾನೂ ಮೂಲ ಮೂಕಾಂಬಿಕೆಯ ಗುಡಿ ದಾಟಿ ಸರ್ವಜ್ಞ ಪೀಠದವರೆಗೂ ಹೋದೆವು. ಅಲ್ಲಿಂದ ಗುಡಿಗೆ ಇಳಿಯುವ ಕಲ್ಲುದಾರಿಯಲ್ಲಿ ಬಲಮಂಡಿಯ ಮುಂಭಾಗ ಚುರುಚುರು ಎಂದಿತು. ಸಂಜೆಯ ಮಂಗಳಾರತಿಗೆ ಕೊಲ್ಲೂರು ಮುಟ್ಟಬೇಕೆಂದು ದಡದಡನೆ ಇಳಿದೆ. ಬೆಟ್ಟಕ್ಕೆ ಹೋದ ದಿನ ಆ ಆರತಿ ತಪ್ಪಬಾರದೆಂದು ಅತ್ತಿಗೆಯ ತವರಿನ ಕ್ರಮ, ಎಂದರೆ ನನ್ನ ಗಂಡನ ಮನೆಯ ಕ್ರಮ. ಗುಡಿ ತಲುಪುವಾಗ ಕಾಲು ಮಡಚಿದರೆ ಪ್ರಾಣ ಹೋದಂತೆ. ಅಲ್ಲಿಂದ ಜೀಪು ಹತ್ತಬೇಕಾಯಿತು. ಕುಲುಕುವ ಜೀಪಿನಲ್ಲಿ ನಾನು ಅಳುತ್ತಿದ್ದೆ, ನೋವಿಗಲ್ಲ.

"ಹರಕೆ ಅರ್ಧ ಆಯ್ತ್ ಅಂದೇಳಿ ಅಮ್ಮ ಎಂತ ಅರ್ಧ ಗಂಡನ್ನ ವಾಪಾಸ್ ತಕಂತ್ಳಾ? ಸುಮ್ನಿರ್" ಎಂದರು ಅತ್ತಿಗೆ. ಅಳುವಿನ ನಡುವೆಯೂ ನಗು ಬಂತು.

ನೋವು ಕೆಲವು ವಾರ ಹೋಗಲಿಲ್ಲ. ಅತ್ತಿಗೆಯೇ ಕುಂದಾಪುರದ ಒಬ್ಬ ಫಿಸಿಯೋಥೆರಪಿ ಹುಡುಗಿಯ ಹತ್ತಿರ ಕರೆದುಕೊಂಡು ಹೋದರು. ಮಂಡಿಯನ್ನು ಒತ್ತಿ, ಮಡಚಿ, ಒಂದು ಕಾಲಿನಲ್ಲಿ ಮೆಲ್ಲ ಕುಕ್ಕರಿಸಲು ಹೇಳಿ ನೋಡಿದಳು. ಬಲಮಂಡಿ ಒಳಕ್ಕೆ ವಾಲಿ ನಡುಗಿತು. ಆಮೇಲೆ ನಾನು ಹೇಗೆ ಅಭ್ಯಾಸ ಮಾಡಿದ್ದೆನೆಂದು ಕೇಳಿದಳು. ಹೇಳಿದೆ.

"ಲಿಫ್ಟಲ್ಲಿ ಇಳಿದ್ರ್ಯಾ!" ಎಂದು ಬಾಯಿ ಮುಚ್ಚಿಕೊಂಡು ನಕ್ಕಳು. "ಅಮ್ಮಾ, ಹತ್ತುಕೆ ಉಸಿರ್ ಬೇಕ್, ಇಳೂಕೆ ತೊಡೆ ಬೇಕ್. ಇನ್ಮೇಲೆ ಲಿಫ್ಟಲ್ಲಿ ಹತ್ತಿ, ಮೆಟ್ಲಲ್ಲಿ ಇಳೀರಿ."

ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕಂತೆ. ಅದಕ್ಕೆ ರೂಢಿಯಿಲ್ಲದಿದ್ದರೆ ಬೇಗ ಸೋಲುತ್ತದೆ, ಹೊರೆಯೆಲ್ಲ ಮಂಡಿಚಿಪ್ಪಿನ ಹಿಂದೆ ಬೀಳುತ್ತದೆ. ಅದಕ್ಕೆ ಅವಳು ಕೆಲವು ವ್ಯಾಯಾಮ ಹೇಳಿಕೊಟ್ಟಳು. ಕೈ ಊರದೆ ಕುರ್ಚಿಯಿಂದ ಏಳುವುದು, ನಿಧಾನಕ್ಕೆ ಕೂರುವುದು. ಮಗ್ಗುಲಾಗಿ ಮಲಗಿ ಮೇಲಿನ ಕಾಲೆತ್ತುವುದು, ಅದು ಸೊಂಟದ ಬದಿಯ ಬಲಕ್ಕೆ. ಕೊನೆಗೆ ಜಗಲಿಯ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದರ ಹಿಮ್ಮಡಿಯನ್ನು ಮೆಲ್ಲನೆ ನೆಲಕ್ಕೆ ತಾಗಿಸಿ ಮೇಲೆತ್ತುವುದು, ಮಂಡಿ ಒಳಕ್ಕೆ ವಾಲಬಾರದು. ಮಾರನೇ ದಿನ ತೊಡೆ ಬಿಗಿದರೆ ಹೆದರಬೇಡಿ, ಮಂಡಿಯಲ್ಲೇ ಚುಚ್ಚಿದರೆ ಕಡಿಮೆ ಮಾಡಿ ಎಂದಿದ್ದಳು.

ತುಳಸಿಗೆ ನೀರೆರೆದು ಬಂದು ಅದೇ ಮೆಟ್ಟಿಲಲ್ಲಿ ಶುರು. ಹೇಳುತ್ತಿದ್ದ ನಾಮ ಅದೇ, ಕೆಲಸ ಮಾತ್ರ ಉಲ್ಟಾ. ನೋವು ಇಳಿದು ಕಾಲು ಪಳಗಿದ ಮೇಲೆ ಅತ್ತಿಗೆಯ ಫ್ಲಾಟಿನಲ್ಲಿ ಲಿಫ್ಟಿನಿಂದ ಮೇಲೆ ಹೋಗಿ ಮೆಟ್ಟಿಲಲ್ಲಿ ಇಳಿಯತೊಡಗಿದೆ. ಎರಡನೇ ಮಹಡಿಯ ಅಜ್ಜಿ ಒಂದು ದಿನ ತಡೆದು, "ಹ್ವಾಯ್, ನಿಮ್ಗೆ ಲಿಫ್ಟ್ ಮೇಲ್ ಹೋಪ್ದ್ ಮಾತ್ರ ಗೊತ್ತಾ? ಕೆಳ್ಗೂ ಬತ್ತ್ ಮಾರಾಯ್ರೇ" ಎಂದರು.

ಮುಂದಿನ ಚಳಿಗಾಲಕ್ಕೆ ನಾವಿಬ್ಬರೂ ಮತ್ತೆ ಹೊರಟೆವು. ಮನೆಯವರು ಉದ್ದ ಬದಲಿಸಬಹುದಾದ ಎರಡು ನಡಿಗೆಯ ಕೋಲು ತಂದುಕೊಟ್ಟಿದ್ದರು. ಅತ್ತಿಗೆಗೆ ಅದು ತಮಾಷೆ. ನನಗಿಂತ ಹಿರಿಯರಾದರೂ ಅವರದು ಸರಸರ ನಡಿಗೆ.

"ನಾಲ್ಕ್ ಕಾಲಲ್ ಹೋಪುಕೆ ನೀ ಎಂತ ದನವಾ?"

"ದನ ಆದ್ರೂ ಅಡ್ಡಿಲ್ಲೆ ಅತ್ತಿಗೆ, ಜೀಪ್ ಹತ್ತುಕಿಲ್ಲ ಅಲ್ದಾ" ಎಂದೆ.

ಪೀಠದ ದರ್ಶನವಾಯಿತು. ಇಳಿಯುವ ಮೊದಲು ಕೋಲನ್ನು ಸ್ವಲ್ಪ ಉದ್ದ ಮಾಡಿಕೊಂಡೆ. ಮೊದಲು ಕೋಲು ಕೆಳಗೆ ಊರುವುದು, ಕೈಗೆ ಭಾರ ಕೊಡುವುದು, ಆಮೇಲೆ ಕಾಲು. ಪುಟ್ಟ ಹೆಜ್ಜೆ, ಮಂಡಿ ತುಸು ಸಡಿಲ. ಕಡಿದಾದ ಕಡೆ ಅಡ್ಡಡ್ಡ ಇಳಿದೆ. ನೋವು ಬಂದ ಮೇಲೆ ಕೂರದೆ, ಬರುವ ಮೊದಲೇ ಕೂತೆ. ಗುಡಿ ಬಂತು. ಜೀಪುಗಳು ಸಾಲಾಗಿ ನಿಂತಿದ್ದವು. ಕೈಮುಗಿದು ಅವನ್ನು ದಾಟಿ ಕಾಡಿನ ದಾರಿ ಹಿಡಿದೆ.

ಅತ್ತಿಗೆಗೆ ಮಾತ್ರ ತಡೆಯಲಾಗಲಿಲ್ಲ. "ಹೀಂಗೇ ಹ್ವಾರೆ ಮಂಗಳಾರತಿ ಸಿಕ್ತಿಲ್ಲೆ. ನಾ ಮುಂದ್ ಹೋಯಿ ನಿನ್ ಹೆಸರಲ್ಲೂ ಕೈ ಮುಗಿತೆ" ಎಂದು ಹೊರಟೇಬಿಟ್ಟರು. ಆ ಆರತಿಯನ್ನು ಅವರು ಒಮ್ಮೆಯೂ ತಪ್ಪಿಸಿದವರಲ್ಲ.

ತುಂಬ ಹೊತ್ತಿನ ನಂತರ ಒಂದು ತಿರುವಿನಲ್ಲಿ ನೋಡುತ್ತೇನೆ, ಅತ್ತಿಗೆ ಬಂಡೆಯ ಮೇಲೆ ಕುಳಿತಿದ್ದಾರೆ, ಎರಡು ಕೈಯಲ್ಲೂ ಎಡಮಂಡಿ ಹಿಡಿದುಕೊಂಡು.

"ಬಿದ್ರ್ಯಾ ಅತ್ತಿಗೆ?"

"ಬೀಳ್ಲಿಲ್ಲೆ. ಇದ್ ನಿಂದೇ ನೋವ್ ಕಾಣ್. ನೀ ಅಲ್ಲೆಲ್ಲೋ ಬಿಟ್ಟಿಕ್ ಬಂದದ್ದ್ ನಂಗ್ ಹತ್ಕಂತ್."

ಬಾತಿರಲಿಲ್ಲ, ನಿಂತರೆ ಕಾಲು ತಡೆಯುತ್ತಿತ್ತು, ಇಳಿದರೆ ಮಾತ್ರ ಚುಚ್ಚುತ್ತಿತ್ತು. ನೀರು ಕುಡಿಸಿ ಪಕ್ಕದಲ್ಲಿ ಕೂತೆ. ಕೈಯಲ್ಲಿದ್ದ ಕೋಲುಗಳನ್ನು ನೋಡಿದೆ. ಎರಡನ್ನೂ ನಾನೇ ಇಟ್ಟುಕೊಂಡರೆ ನನ್ನ ಹರಕೆ ಗಟ್ಟಿ. ಕೊಟ್ಟರೆ ಏನಾಗುತ್ತದೋ ಗೊತ್ತಿಲ್ಲ. ಇವರ ಆಪರೇಶನ್ ದಿನ ಆ ಬೆಂಚಿನಲ್ಲಿ ನನ್ನ ಕೈ ಹಿಡಿದು ಕೂತಿದ್ದವರು ಅತ್ತಿಗೆಯೇ. ಒಂದು ಕೋಲನ್ನು ಅವರ ಉದ್ದಕ್ಕೆ ಸರಿಮಾಡಿ ಬಲಗೈಗೆ ಕೊಟ್ಟೆ. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕೆಂದು ಹುಡುಗಿ ಹೇಳಿದ್ದು ನೆನಪಿತ್ತು. ನನ್ನದು ಬಲಮಂಡಿ, ಹಾಗಾಗಿ ನನಗೆ ಎಡಗೈ. ಒಳಬದಿಯ ಕೈಗಳು ಖಾಲಿ ಉಳಿದವು. ದಾರಿ ಅಗಲವಿದ್ದಲ್ಲಿ ಅವನ್ನು ಸೇರಿಸಿಕೊಂಡೆವು.

"ಕೋಲ್, ನೋವಿನ್ ಕಾಲ್, ಆಮೇಲೆ ಒಳ್ಳೆ ಕಾಲ್" ಎಂದು ನಾನು ಹೇಳುವುದು, ಅವರು ಇಳಿಯುವುದು. ನನ್ನ ಮಂಡಿ ಒಮ್ಮೊಮ್ಮೆ ಸಣ್ಣಗೆ ಎಚ್ಚರಿಸುತ್ತಿತ್ತು, ಆಗ ನಾವಿಬ್ಬರೂ ನಿಲ್ಲುತ್ತಿದ್ದೆವು. ಜಗಲಿಯ ಮೆಟ್ಟಿಲಲ್ಲಿ ಇಳಿದದ್ದೆಲ್ಲ ಈ ಹೊತ್ತಿಗಾಗಿಯೇ ಇತ್ತೇನೋ, ತೊಡೆ ಕೈಬಿಡಲಿಲ್ಲ.

ಬುಡದ ಡಾಂಬರು ರಸ್ತೆಗೆ ಕಾಲಿಟ್ಟಾಗ ಮುಸ್ಸಂಜೆ ದಾಟಿತ್ತು. ಬಸ್ಸು ತಡವಾಗಿ ಸಿಕ್ಕಿ ಕೊಲ್ಲೂರು ಮುಟ್ಟುವಾಗ ಮಂಗಳಾರತಿ ಮುಗಿದು ಜನ ಹೊರಗೆ ಬರುತ್ತಿದ್ದರು. ನನಗೆ ಅತ್ತಿಗೆಯ ಮುಖ ನೋಡಲು ಹೆದರಿಕೆ.

"ತಪ್ಪಿ ಹೋಯ್ತ್ ಅತ್ತಿಗೆ, ನನ್ನಿಂದ."

"ಬಾಗ್ಲ್ ಇನ್ನೂ ತೆರ್ದೇ ಇತ್ತಲ್ದಾ. ಗದ್ದಲ ಇಲ್ಲ, ಅಮ್ಮನ್ ಹತ್ರ ನಿಧಾನ ಮಾತಾಡ್ಲಕ್ಕ್" ಎಂದರು.

ಹೊರಗೆ ಕೋಲುಗಳನ್ನು ಗೋಡೆಗೆ ಒರಗಿಸಿ ಒಳಗೆ ಹೋದೆವು. ಹರಕೆ ತೀರಿತು ತಾಯಿ ಎಂದೆ. ಪಕ್ಕದಲ್ಲಿ ಅತ್ತಿಗೆ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದರು, "ಆ ಹುಡ್ಗಿ ಸೋಮವಾರ ಇರ್ತ್ಳಾ? ನಂಗೂ ಮೆಟ್ಲ್ ಇಳೂಕೆ ಕಲಿಯೂಕಿತ್ತ್."