ಸೊನ್ನೆಯ ಮೇಲೆ ಎಷ್ಟು ಪರ್ಸೆಂಟ್

ನನಗೆ ಮರೆವು ಕಡಿಮೆ, ಸಿಟ್ಟು ಜಾಸ್ತಿ. ಯಾರದೋ ಮದುವೆಯಲ್ಲಿ ನನ್ನ ಎಲೆಗೆ ಪಾಯಸ ಬಡಿಸದೆ ಮುಂದಕ್ಕೆ ಹೋದವನ ಮುಖ ಇಪ್ಪತ್ತು ವರ್ಷವಾದರೂ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನು ನನ್ನ ಹೆಸರಿನ ಮುಂದೆ, ಇಪ್ಪತ್ತು ಜನ ನೋಡುತ್ತಿರುವಾಗ, ಗೋಡೆಯಷ್ಟಗಲ ಸೊನ್ನೆ ಬರೆದವನನ್ನು ಬಿಡುತ್ತೇನೆಯೇ?

ಅಕ್ಕೂರಿನ ಕಡೆ ರೈತರ ಕಂಪನಿಯೊಂದರ ಚಾಕಿ ಮನೆ ನನ್ನ ಉಸ್ತುವಾರಿಯಲ್ಲಿದೆ. ಮೊಟ್ಟೆಯಿಂದ ಆಗ ತಾನೇ ಹೊರಬಂದ ರೇಷ್ಮೆಹುಳುವನ್ನು ಎರಡು ಜ್ವರ, ಅಂದರೆ ಎರಡು ಸಲ ಪೊರೆ ಬಿಡುವುದು, ದಾಟುವವರೆಗೆ ಸಾಕಿ ರೈತರಿಗೆ ಕೊಡುವುದು ನಮ್ಮ ಕೆಲಸ. ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ, ನಾಲ್ಕು ತಾಲ್ಲೂಕಿನಲ್ಲೂ ಕಂಪನಿಯ ಚಾಕಿ ಮನೆಗಳಿವೆ. ನನ್ನ ಜೊತೆ ಇಬ್ಬರು ಹೆಂಗಸರು ಇದ್ದರು. ಅವರಲ್ಲಿ ಒಬ್ಬರು ದೊಡ್ಡಮ್ಮ. ನನಗೆ ಸಂಬಂಧವೇನಿಲ್ಲ, ಊರಿಗೆಲ್ಲ ಅವರು ದೊಡ್ಡಮ್ಮ. ಎಳೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚುವುದರಲ್ಲಿ ಅವರ ಕೈಗೆ ಸಾಟಿಯಿಲ್ಲ. ಅರವತ್ತು ದಾಟಿದರೂ ಚಾಕು ಹಿಡಿದರೆ ಮಾತು ನಿಲ್ಲುತ್ತಿರಲಿಲ್ಲ, ಕೈಯೂ ನಿಲ್ಲುತ್ತಿರಲಿಲ್ಲ.

ಆ ವರ್ಷ ನಮ್ಮ ಸುತ್ತಿನ ಊರುಗಳಲ್ಲಿ ಹಾಲುತೊಂಡೆ ರೋಗ ಬಂತು. ಹುಳು ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಬಿಟ್ಟು ಸಾಯುತ್ತದೆ. ರೋಗ ಹೊಕ್ಕ ಮನೆಗೆ ತಕ್ಷಣ ಮತ್ತೆ ಹುಳು ತರಬಾರದು ಎಂಬುದು ಹಿರಿಯರು ಹೇಳಿಕೊಟ್ಟ ಪಾಠ. ಕಂಪನಿಯ ಅಧ್ಯಕ್ಷರ ಒಪ್ಪಿಗೆ ಪಡೆದು ಒಂದು ತಿಂಗಳು ಚಾಕಿ ಮನೆ ಖಾಲಿ ಮಾಡಿದೆವು. ತಟ್ಟೆಗಳನ್ನು ಬಿಸಿಲಿಗೆ ಹಾಕಿ, ಗೋಡೆಗೆ ಬ್ಲೀಚಿಂಗ್ ಪುಡಿಯ ನೀರು ಹೊಡೆದು, ಸುಣ್ಣ ಬಳಿದೆವು. ದೊಡ್ಡಮ್ಮ ಏಣಿ ಹತ್ತಿ ಜಂತಿಯ ಸಂದನ್ನೂ ಬಿಡದೆ ತೊಳೆದರು. ಆ ತಿಂಗಳ ವರದಿಯಲ್ಲಿ, ಸಾಕಿದ ಮೊಟ್ಟೆ ಎಷ್ಟು ಎಂಬಲ್ಲಿ (ಒಂದು ಚಿಟ್ಟೆ ಇಟ್ಟ ಗುಂಪಿಗೆಲ್ಲ ಸೇರಿ ನಮ್ಮಲ್ಲಿ ಒಂದು ಮೊಟ್ಟೆ ಎಂದೇ ಲೆಕ್ಕ), ನಾನೇ ನನ್ನ ಕೈಯಾರೆ ಸೊನ್ನೆ ಎಂದು ಬರೆದೆ. ಅದಕ್ಕೆ ಹಿಂದಿನ ತಿಂಗಳು ಎರಡು ಸಾವಿರದ ಎಂಟುನೂರು ಇತ್ತು. ರಾಮನಗರದಲ್ಲಿ ತಿಂಗಳಿಗೊಮ್ಮೆ ನಡೆಯುವ ಕಂಪನಿಯ ಮೀಟಿಂಗಿನಲ್ಲಿ ಮೈನಸ್ ನೂರು ಪರ್ಸೆಂಟ್ ಎಂದು ಕೆಂಪಗೆ ಬಂತು. ಬರಲಿ, ಅದು ಸತ್ಯವೇ. ಒಪ್ಪಿಗೆ ಇದ್ದುದರಿಂದ ಯಾರೂ ಏನೂ ಅನ್ನಲಿಲ್ಲ.

ಮುಂದಿನ ತಿಂಗಳು ಮೂರು ಸಾವಿರ ಮೊಟ್ಟೆ ಸಾಕಿದೆವು. ಒಂದು ಹುಳುವೂ ರೋಗದಿಂದ ಸಾಯಲಿಲ್ಲ. ಹೊಂಗನೂರಿನ ರೈತರು ಫೋನ್ ಮಾಡಿ ‘ಅಕ್ಕ, ಈ ಸಲ ಹುಳ ಚಿನ್ನ ಇದ್ದಂಗೈತೆ’ ಎಂದರು. ನಾನು ಕನಕಾಂಬರ ಮುಡಿದು, ಹೊಸ ಸೀರೆ ಉಟ್ಟು ಮೀಟಿಂಗಿಗೆ ಹೋದೆ.

ಮೀಟಿಂಗ್ ನಡೆಸುವವರು ನಮ್ಮ ಮ್ಯಾನೇಜರು. ಅವರಿಗೆ ಪರ್ಸೆಂಟಿನ ಹುಚ್ಚು. ಹುಳು ಮುಟ್ಟಿದವರಲ್ಲ, ಆದರೆ ಪ್ರತಿ ಚಾಕಿ ಮನೆಯೂ ಹೋದ ತಿಂಗಳಿಗಿಂತ ಎಷ್ಟು ಪರ್ಸೆಂಟ್ ಬೆಳೆಯಿತು ಎಂದು ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸುವುದೆಂದರೆ ಅವರಿಗೆ ಪ್ರಾಣ. ಬೆಳವಣಿಗೆ ಇಲ್ಲದ ಕಡೆ ಇಬ್ಬರು ಕೆಲಸದವರು ಬೇಡ, ಒಬ್ಬರು ಸಾಕು ಎಂಬ ನಿಯಮವನ್ನೂ ಅವರೇ ತಂದಿದ್ದರು. ಎಲ್ಲರ ಸಾಲು ಬಂತು. ನನ್ನ ಸಾಲಿನಲ್ಲಿ ಮಾತ್ರ ಅಂಕಿಯಿಲ್ಲ. ಇಂಗ್ಲಿಷಿನಲ್ಲಿ ಏನೋ ಎರರ್ ಬಂದು ಕೂತಿತ್ತು.

‘ಏನಮ್ಮಾ, ನಿಮ್ದೊಂದೇ ಎರರ್ ಬತ್ತಾ ಐತೆ? ಒಸಿ ನೆಟ್ಟಗೆ ಲೆಕ್ಕ ಕಳ್ಸಕ್ಕಾಗಲ್ವಾ?’ ಎಂದರು.

‘ಲೆಕ್ಕ ನೆಟ್ಟಗೈತೆ ಸಾರ್. ಹೋದ ತಿಂಗ್ಳು ಸೊನ್ನೆ, ಈ ತಿಂಗ್ಳು ಮೂರು ಸಾವ್ರ’ ಎಂದೆ.

ಕೆಲವರು ನಕ್ಕರು. ಮ್ಯಾನೇಜರು ಲ್ಯಾಪ್‌ಟಾಪಿನಲ್ಲಿ ಏನೋ ಟೈಪ್ ಮಾಡಿ, ಎರರ್ ಬಂದಲ್ಲೆಲ್ಲ ಸೊನ್ನೆ ತೋರಿಸುವಂತೆ ಮಾಡಿದರು. ನನ್ನ ಸಾಲಿನಲ್ಲಿ ಸೊನ್ನೆ ಪರ್ಸೆಂಟ್ ಎಂದು ಬಂತು. ‘ಈಗ ಸರಿಹೋಯ್ತು’ ಎಂದು ಮುಂದಿನ ಸಾಲಿಗೆ ಹೋದರು. ಏನೂ ಇಲ್ಲದ ಮನೆಯಿಂದ ಮೂರು ಸಾವಿರ ಮೊಟ್ಟೆ ಎಬ್ಬಿಸಿದವಳು ಬೆಳವಣಿಗೆ ಇಲ್ಲದವರ ಪಟ್ಟಿ ಸೇರಿದೆ. ಅಧ್ಯಕ್ಷರು ಅವತ್ತು ಮೀಟಿಂಗಿಗೆ ಬಂದಿರಲಿಲ್ಲ. ವಾರದೊಳಗೆ ಕಾಗದ ಬಂತು: ಒಬ್ಬರನ್ನು ಕೆಲಸದಿಂದ ತೆಗೆಯತಕ್ಕದ್ದು, ವಯಸ್ಸಾದವರನ್ನು ಮೊದಲು.

ದೊಡ್ಡಮ್ಮನಿಗೆ ಕಾಗದ ತೋರಿಸಿದೆ. ಫೋನಿನ ಕ್ಯಾಲ್ಕ್ಯುಲೇಟರಿನಲ್ಲಿ ಮೂರು ಸಾವಿರವನ್ನು ಸೊನ್ನೆಯಿಂದ ಭಾಗಿಸಿ ತೋರಿಸಿದೆ. ಅದೂ ಆಗುವುದಿಲ್ಲ ಎಂದಿತು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು.

‘ಅಲ್ಲ ಕಣವ್ವ, ನೆನ್ನೆ ಏನೂ ಇರ್ನಿಲ್ಲ ಅಂದ್ಮೇಕೆ ಯಾವುದ್ರ ಮೇಲೆ ಎಷ್ಟು ಪಾಲು ಜಾಸ್ತಿ ಆಯ್ತು ಅಂತ ಹೇಳೋದು? ಹೇಳಕ್ಕಾಗಲ್ಲ ಅಂತ ತಾನೆ ಆ ಮಿಸನ್ನು ಹೇಳ್ತಾ ಇರೋದು? ಮಿಸನ್ನಿಗಿರೋ ಬುದ್ಧಿ ಆವಯ್ಯಂಗಿಲ್ವಾ?’

ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಅದು ಅವರ ಸ್ವಂತ ಚಾಕು. ನಾನು ಹಿಂದಿನಿಂದ ಕೂಗಿ ಹೇಳಿದೆ, ‘ದೊಡ್ಡಮ್ಮ, ಅವ್ನೇ ಬಂದು ನಿನ್ನ ಬಾಗ್ಲಲ್ಲಿ ನಿಂತ್ಕೊಂಡು ಕರೀಬೇಕು. ಹಂಗ್ ಮಾಡ್ನಿಲ್ಲ ಅಂದ್ರೆ ಕೇಳು.’

ಸೊಪ್ಪು ಹೆಚ್ಚುವ ಕೈ ಒಂದು ಕಡಿಮೆಯಾದ ಮೇಲೆ ಹುಳು ಜಾಸ್ತಿ ತರುವುದು ಹೇಗೆ? ಆ ತಿಂಗಳು ಎರಡು ಸಾವಿರದ ಏಳುನೂರು ಮಾತ್ರ ಸಾಕಿದೆ. ಮೂರು ಸಾವಿರದ ಮೇಲೆ ಲೆಕ್ಕ ಹಾಕಿದರೆ ಮೈನಸ್ ಹತ್ತು. ಇದು ನಿಜವಾದ ಇಳಿಕೆ, ಆ ಸುಳ್ಳು ಸೊನ್ನೆ ಹೆತ್ತ ಮಗು. ದಿನವೂ ಸೊಪ್ಪು ಹೆಚ್ಚುವಾಗ ಪ್ರತಿ ಎಲೆಯಲ್ಲೂ ಆ ಮ್ಯಾನೇಜರರ ಟೈಯನ್ನೇ ಕಂಡು ಕತ್ತರಿಸುತ್ತಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಕಾದೆ.

ಕಾಲ ಮಾಗಡಿ ಕಡೆಯಿಂದ ಬಂತು. ಅಲ್ಲೊಂದು ಹೊಸ ಚಾಕಿ ಮನೆಯನ್ನು ಮ್ಯಾನೇಜರು ಮುಂದೆ ನಿಂತು ಶುರುಮಾಡಿಸಿದ್ದರು. ಮೊದಲ ತಿಂಗಳೇ ನಾಲ್ಕು ಸಾವಿರ ಮೊಟ್ಟೆ. ಅದನ್ನು ತೋರಿಸಲೆಂದೇ ಅಧ್ಯಕ್ಷರನ್ನು ಮೀಟಿಂಗಿಗೆ ಕರೆದಿದ್ದರು. ಹಿಂದಿನ ದಿನ ಮಧ್ಯಾಹ್ನ ವಾಟ್ಸಾಪಿನಲ್ಲಿ ಶೀಟ್ ಕಳಿಸಿದರು. ನಾನು ಒಂದೊಂದೇ ಸಾಲಿನ ಪರ್ಸೆಂಟಿನ ಮೇಲೆ ಬೆರಳಿಟ್ಟು ನೋಡಿದೆ. ಎಲ್ಲರ ಪರ್ಸೆಂಟಿನ ಹಿಂದೆಯೂ ಭಾಗಾಕಾರದ ಸೂತ್ರವಿತ್ತು. ಮಾಗಡಿಯದಕ್ಕೆ ಹೋದ ತಿಂಗಳ ಜಾಗ ಖಾಲಿ, ಏಕೆಂದರೆ ಹೋದ ತಿಂಗಳು ಆ ಮನೆಗೆ ಬಾಗಿಲೇ ಇರಲಿಲ್ಲ. ಖಾಲಿ ಜಾಗವನ್ನೂ ಕಂಪ್ಯೂಟರ್ ಸೊನ್ನೆ ಎಂದೇ ಹಿಡಿಯುತ್ತದೆ. ಸೂತ್ರ ಇದ್ದಿದ್ದರೆ ನನ್ನ ಹಾಗೆ ಅದಕ್ಕೂ ಸೊನ್ನೆ ಪರ್ಸೆಂಟ್ ಬರಬೇಕಿತ್ತು. ಬಂದಿತ್ತು ಅಂತ ಕಾಣುತ್ತದೆ. ಏಕೆಂದರೆ ಆ ಒಂದು ಜಾಗದಲ್ಲಿ ಸೂತ್ರವನ್ನು ಅಳಿಸಿ, ಕೈಯಲ್ಲೇ ನೂರು ಪರ್ಸೆಂಟ್ ಎಂದು ಬರೆದಿದ್ದರು.

ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ. ಅವತ್ತೇ ಫೋನ್ ಮಾಡಿ ಹೀಗಾಗಿದೆ ಸಾರ್ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹಾಯಾಗಿ ಕೂತು ಮುದ್ದೆ ಬಸ್ಸಾರು ಉಂಡೆ.

ಮಾರನೆಯ ದಿನ ಅಧ್ಯಕ್ಷರು ಮುಂದಿನ ಕುರ್ಚಿಯಲ್ಲಿದ್ದರು. ವಿರೂಪಾಕ್ಷಿಪುರದ ಕಡೆಯ ಹಳೆಯ ರೈತರು, ಹುಳು ಸಾಕಿ ಸಾಕಿ ಬೆನ್ನು ಬಾಗಿದವರು. ಮೈಸೂರು ಪಾಕ್ ಹಂಚಿದ್ದಾಯಿತು. ಮಾಗಡಿಯ ಸಾಲು ಹಸಿರಾಗಿ ಗೋಡೆಯ ಮೇಲೆ ಬಂತು. ‘ನೂರು ಪರ್ಸೆಂಟ್ ಬೆಳವಣಿಗೆ ಸಾರ್’ ಎಂದು ಮ್ಯಾನೇಜರು ಹೇಳುತ್ತಿದ್ದಂತೆ ಎದ್ದು ನಿಂತೆ.

‘ನೂರು ಪರ್ಸೆಂಟ್ ಜಾಸ್ತಿ ಅಂದ್ರೆ ಹೋದ ತಿಂಗಳ ಎರಡರಷ್ಟು ಅಲ್ವಾ ಸಾರ್? ಹಂಗಾದ್ರೆ ಹೋದ ತಿಂಗ್ಳು ಎರಡು ಸಾವ್ರ ಮೊಟ್ಟೆ ಅಲ್ಲಿ ಎದ್ದಿರಬೇಕು. ಅವು ಯಾರಿಗೆ ಹೋದ್ವು?’

ಲೆಕ್ಕಕ್ಕೆ ಸೇರಿಸದೆ ಮಾರಿಕೊಂಡ ಕಳ್ಳಮೊಟ್ಟೆ ಯಾವುದೂ ಇರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ. ಅಧ್ಯಕ್ಷರ ಕೈಯಲ್ಲಿದ್ದ ಮೈಸೂರು ಪಾಕ್ ತಟ್ಟೆಗೆ ಇಳಿಯಿತು. ‘ಹೌದಲ್ಲ, ಎಲ್ಲೋದ್ವು?’ ಎಂದರು. ಮ್ಯಾನೇಜರರ ಹಣೆಯಲ್ಲಿ ಬೆವರು ಕಂಡಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹೆತ್ತ ಮಗಳು ಮೊದಲ ರ‍್ಯಾಂಕ್ ಬಂದಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲ.

‘ಇಲ್ಲ ಸಾರ್, ಹೋದ ತಿಂಗ್ಳು ಅಲ್ಲೇನೂ ಇರ್ಲಿಲ್ಲ. ಏನೂ ಇಲ್ದಿದ್ರೆ ಪರ್ಸೆಂಟ್ ಬರಲ್ಲ. ಅದಕ್ಕೇ ನಾನೇ ಹಾಕ್ದೆ’ ಎಂದರು.

‘ಬರಲ್ವಾ ಸಾರ್?’ ಎಂದೆ.

‘ಬರಲ್ಲ ಕಣಮ್ಮ. ಸೊನ್ನೆಯಿಂದ ಭಾಗಿಸೋಕಾಗಲ್ಲ.’

‘ಒಸಿ ಗಟ್ಟಿಯಾಗಿ ಹೇಳಿ ಸಾರ್, ಹಿಂದಿನವರ್ಗೆ ಕೇಳ್ಸಲಿ.’

ಹೇಳಿದರು. ಎಲ್ಲರಿಗೂ ಕೇಳಿಸಿತು. ಆಮೇಲೆ ನಾನು ಅಧ್ಯಕ್ಷರ ಕಡೆ ತಿರುಗಿ, ಬ್ಲೀಚಿಂಗ್ ಹೊಡೆದ ತಿಂಗಳು, ಆಮೇಲಿನ ಮೂರು ಸಾವಿರ, ಸೊನ್ನೆ ಪರ್ಸೆಂಟ್, ದೊಡ್ಡಮ್ಮ, ಎಲ್ಲವನ್ನೂ ಹೇಳಿದೆ. ‘ಅವರ ಏನೂ ಇಲ್ದೇ ಇರೋದಕ್ಕೆ ನೂರು, ನನ್ನ ಏನೂ ಇಲ್ದೇ ಇರೋದಕ್ಕೆ ಸೊನ್ನೆ. ಇದ್ಯಾವ ನ್ಯಾಯ?’ ಎಂದೆ. ದನಿ ನಡುಗಿತು. ಅಳು ಎಂದು ಅವರು ತಿಳಿದಿರಬಹುದು, ಅದು ಸಿಟ್ಟು.

ಅಧ್ಯಕ್ಷರು ಬಹಳ ಮಾತಾಡುವವರಲ್ಲ. ‘ರೋಗ ಬಂದ ಮನೆ ತೊಳ್ದೋರ್ನ ಮನೆಗೆ ಕಳ್ಸಿದ್ದೀರಲ್ರೀ’ ಎಂದು ಮ್ಯಾನೇಜರನ್ನು ನೋಡಿದರು. ಹೋದ ತಿಂಗಳು ಸೊನ್ನೆ ಇದ್ದರೂ ಸರಿ, ಖಾಲಿ ಇದ್ದರೂ ಸರಿ, ಪರ್ಸೆಂಟಿನ ಜಾಗದಲ್ಲಿ ‘ಹೋಲಿಕೆ ಇಲ್ಲ’ ಎಂದು ಬರೆಯಬೇಕು, ಎರಡು ತಿಂಗಳ ಮೊಟ್ಟೆಯ ಸಂಖ್ಯೆಯನ್ನೂ ಪಕ್ಕದಲ್ಲಿ ತೋರಿಸಬೇಕು, ಅಂಥ ಸಾಲಿಗೆ ಕೆಲಸದವರನ್ನು ಕಡಿಮೆ ಮಾಡುವ ನಿಯಮ ತಾಗಬಾರದು ಎಂದರು. ದೊಡ್ಡಮ್ಮನನ್ನು ವಾಪಸ್ ಕರೆಯಲು ಕಾಗದ ಕಳಿಸಿ ಎಂದರು.

‘ಅವರಿಗೆ ಓದಕ್ಕೆ ಬರಲ್ಲ ಸಾರ್. ಮ್ಯಾನೇಜರೇ ಬಂದು ಹೇಳ್ಲಿ’ ಎಂದೆ. ದೊಡ್ಡಮ್ಮನಿಗೆ ಓದಲು ಚೆನ್ನಾಗಿಯೇ ಬರುತ್ತದೆ. ಆ ಸುಳ್ಳಿಗೂ ನನಗೆ ಪಶ್ಚಾತ್ತಾಪವಿಲ್ಲ.

ಎರಡು ದಿನ ಬಿಟ್ಟು ಮ್ಯಾನೇಜರು ಬೈಕಿನಲ್ಲಿ ಬಂದರು. ನಾನೇ ದಾರಿ ತೋರಿಸಿದೆ, ಬೇಕೆಂದೇ ಕೆಸರು ಇದ್ದ ಓಣಿಯಲ್ಲಿ. ದೊಡ್ಡಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕುಳಿತುಕೊಳ್ಳಿ ಎನ್ನಲಿಲ್ಲ. ಮ್ಯಾನೇಜರು ಬಾಗಿಲಲ್ಲಿ ನಿಂತು, ‘ತಪ್ಪಾಯ್ತು, ನಾಳೆಯಿಂದ ಕೆಲಸಕ್ಕೆ ಬನ್ನಿ ದೊಡ್ಡಮ್ಮ’ ಎಂದರು.

ದೊಡ್ಡಮ್ಮ ತಲೆಯೆತ್ತದೆ ಕೇಳಿದರು, ‘ಹೋದ ತಿಂಗ್ಳು ನಾನು ಎಷ್ಟು ದಿನ ಕೆಲಸ ಮಾಡಿವ್ನಿ ಸ್ವಾಮಿ?’

‘ಒಂದು ದಿನಾನೂ ಇಲ್ಲ.’

‘ಈ ತಿಂಗ್ಳು ಇಪ್ಪತ್ತು ದಿನ ಬಂದ್ರೆ ಎಷ್ಟು ಪರ್ಸೆಂಟ್ ಜಾಸ್ತಿ ಮಾಡ್ದಂಗಾಯ್ತದೆ?’

ಮ್ಯಾನೇಜರು ನನ್ನನ್ನು ನೋಡಿದರು. ನಾನು ಸೂರನ್ನು ನೋಡಿದೆ.

‘ಹೇಳಕ್ಕಾಗಲ್ಲ ದೊಡ್ಡಮ್ಮ’ ಎಂದರು.

‘ಹಂಗ್ ಬಾ ದಾರಿಗೆ’ ಎಂದು ದೊಡ್ಡಮ್ಮ ಸಿಪ್ಪೆ ಕೊಡವಿಕೊಂಡು ಎದ್ದರು. ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಚಾಕು ತಂದು, ಅವರ ಎದುರಿಗೇ ಕಲ್ಲಿನ ಮೇಲೆ ಮಸೆಯತೊಡಗಿದರು.