ಒಂದೇ ಅಂಕಿಯ ಪದ್ಧತಿ

ನನ್ನ ಯಜಮಾನರು ತೀರಿಕೊಂಡ ಮೇಲೆ ಬಂದ ಮೊದಲ ಪ್ರಬಂಧ ಪರೀಕ್ಷೆ ಅದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನ ಒಂಬತ್ತನೇ ತರಗತಿಯ ಮಕ್ಕಳು ಬರೆಯುತ್ತಾರೆ. ಕನ್ನಡ ಶಿಕ್ಷಕರು ಹಾನಗಲ್ಲಿನ ಒಂದು ಶಾಲೆಯಲ್ಲಿ ಕೂತು ತಿದ್ದುತ್ತೇವೆ. ಇಷ್ಟು ವರ್ಷ ಅದನ್ನು ನಡೆಸಿದವರು ನಮ್ಮ ಯಜಮಾನರೇ. ಈ ಸಲ ಆ ಕೆಲಸ ನನಗೆ ಬಂತು.

ಅವರದು ಒಂದೇ ಅಂಕಿಯ ಪದ್ಧತಿ. ಮೊದಲೇ ಆರಿಸಿಟ್ಟ ಮಾದರಿ ಪ್ರಬಂಧಗಳನ್ನು ಎಲ್ಲರೂ ಓದಿ, ಎಲ್ಲರ ಅಳತೆಗೋಲು ಒಂದಾದ ಮೇಲೆ ತಿದ್ದುವುದು ಶುರು. ಪ್ರತಿ ಪ್ರಬಂಧವನ್ನು ನಿಲ್ಲದೆ ಒಮ್ಮೆ ಓದಿ, ಒಟ್ಟಾರೆ ಹೇಗಿದೆ ಎಂದು ಆರರೊಳಗೆ ಒಂದು ಅಂಕಿ. ಇಬ್ಬರು ಬೇರೆ ಬೇರೆಯಾಗಿ ಓದಬೇಕು, ಅಂತರ ಹೆಚ್ಚಾದರೆ ಮೂರನೆಯವರು. ಯಾರಾದರೂ ಕಾಗುಣಿತದ ತಪ್ಪು ಎಣಿಸತೊಡಗಿದರೆ, "ಅಕ್ಕಿ ಆರಸಾಕ ಕುಂತಿಲ್ರಿ ನಾವು. ಅನ್ನ ಉಂಡು ರುಚಿ ಹೇಳ್ರಿ" ಎನ್ನುತ್ತಿದ್ದರು. ರಾಶಿ ಪ್ರಬಂಧಗಳಲ್ಲಿ ಬೇಸಿಗೆ ಶಿಬಿರಕ್ಕೆ ಚೆನ್ನಾಗಿ ಬರೆಯುವ ಕೆಲವರನ್ನು ಬೇಗ ಆರಿಸಲು ಅದೇ ತಕ್ಕದ್ದಾಗಿತ್ತು.

ಈ ವರ್ಷ ಶಿಬಿರವಿರಲಿಲ್ಲ. ಬರೆಯಲು ಕಷ್ಟಪಡುವ ಮಕ್ಕಳಿಗೆ ಅವರವರ ಶಾಲೆಯಲ್ಲೇ ಹೆಚ್ಚಿನ ಪಾಠ ಎಂದು ತೀರ್ಮಾನವಾಗಿತ್ತು. ಆದರೂ ಯಜಮಾನರ ನೆನಪಿಗೆಂದು ಹಳೆಯ ಪದ್ಧತಿಯನ್ನೇ ಇಟ್ಟುಕೊಂಡೆವು. ನನಗೂ ಅದು ಬೇಕಾಗಿತ್ತು.

ಮಧ್ಯಾಹ್ನ ಮಾಸೂರಿನ ಕಿರಿಯ ಶಿಕ್ಷಕಿ ಎರಡು ಪ್ರಬಂಧ ತಂದು ನನ್ನ ಮುಂದಿಟ್ಟಳು.

"ಅಕ್ಕೋರ, ಈಕಿ ಕೆರಿ ಬಗ್ಗೆ ಎಷ್ಟ್ ಛಂದ ಬರದಾಳ ನೋಡ್ರಿ, ಆದ್ರ ಒತ್ತಕ್ಷರ ಒಂದೂ ಸರಿ ಇಲ್ಲ. ಇಂವಂದು ಒಂದ್ ತಪ್ಪಿಲ್ಲ, ಹೇಳೋ ಮಾತೂ ಇಲ್ಲ. ಇಬ್ಬರಿಗೂ ಮೂರು. ಇವರಿಗೆ ಕಲಸೋ ಮಾಸ್ತರು ಈ ಮೂರು ನೋಡಿ ಏನ್ ತಿಳಕೋಬೇಕ್ರಿ?"

"ಸರ್ ಇದ್ದಿದ್ರ ನಿನಗ ಬೈತಿದ್ರು" ಎಂದರು ಸವಣೂರಿನ ಹಿರಿಯ ಮಾಸ್ತರು.

"ಬಂದು ಬೈಲಿ ಬಿಡ್ರಿ" ಎಂದವಳು ಅಲ್ಲಿಗೇ ಬಾಯಿ ಮುಚ್ಚಿಕೊಂಡಳು.

ಎರಡೂ ಪ್ರಬಂಧ ಓದಿದೆ. ಅವಳು ಹೇಳಿದ್ದು ಸರಿ. ಎದ್ದು ಹಲಗೆಯ ಮೇಲೆ ನಾಲ್ಕು ಅಂಕಣ ಎಳೆದೆ: ವಿಚಾರ, ಜೋಡಣೆ, ವಾಕ್ಯ, ಕಾಗುಣಿತ. ಪ್ರತಿಯೊಂದಕ್ಕೂ ಬೇರೆ ಅಂಕ, ಯಾವ ಅಂಕಕ್ಕೆ ಏನಿರಬೇಕು ಎಂಬ ವಿವರಣೆ. ಹೊತ್ತು ಬಹಳ ಹಿಡಿಯುತ್ತದೆ. ವಿಚಾರ ಚೆನ್ನಾಗಿದೆಯೆಂದು ಕಾಗುಣಿತಕ್ಕೂ ಕೈ ಸಡಿಲವಾಗದಂತೆ ನೋಡಿಕೊಳ್ಳಬೇಕು. ಆದರೆ ಯಾವ ಮಗು ಎಲ್ಲಿ ಎಡವುತ್ತದೆ ಎಂಬುದು ಕಾಣುತ್ತದೆ. ಮುಂದೆ ಮತ್ತೆ ಶಿಬಿರಕ್ಕೆ ಆರಿಸುವುದಾದರೆ ಒಂದೇ ಅಂಕಿ ಸಾಕು ಎಂದೆ. ತಿದ್ದಿದ್ದನ್ನೆಲ್ಲ ಮತ್ತೆ ಮೊದಲಿನಿಂದ ತಿದ್ದಲು ತೆಗೆದೆವು.

ಅವರಿದ್ದರೂ ಇದನ್ನೇ ಮಾಡುತ್ತಿದ್ದರೋ ಏನೋ. ಕೇಳುವಂತಿಲ್ಲ.

ಮರುದಿನ ಎಲ್ಲರೂ ನಾಲ್ಕು ಅಂಕಣಕ್ಕೆ ಹೊಂದಿಕೊಂಡಿದ್ದರು. ಚಹಾ ಬಂತು, ನಗೆಚಾಟಿಕೆ ನಡೆಯಿತು. ಯಜಮಾನರ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಬೀಳಲಿಲ್ಲ. ನಾನು ವರಾಂಡಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.