ಅಮ್ಮನಿಗೆ ಕೇಳಿಸಿತಂತೆ

ನನ್ನ ತಂಗಿಯ ಮಗನಿಗೆ ಕಚೇರಿಯಲ್ಲಿ ‘ಆಯ್ತಪ್ಪ’ ಎಂದು ಹೆಸರು. ಹೆತ್ತವರು ಇಟ್ಟದ್ದಲ್ಲ. ಯಾರು ಏನು ಹೇಳಿದರೂ ‘ಆಯ್ತಪ್ಪ’ ಎಂದು ತಲೆಯಾಡಿಸುವ ಅಭ್ಯಾಸದಿಂದ ಬಂದದ್ದು. ಕೆಟ್ಟವನಲ್ಲ. ಕೆಟ್ಟವನಾಗುವುದಕ್ಕೂ ಒಂದಿಷ್ಟು ಗಟ್ಟಿತನ ಬೇಕು, ಅದು ಅವನಲ್ಲಿಲ್ಲ.

ಅವನು ಕೆಲಸ ಮಾಡುವುದು ಶ್ರವಣ ಸಾಧನ ತಯಾರಿಸುವ ಕಂಪನಿಯ ರಿಪೇರಿ ವಿಭಾಗದಲ್ಲಿ. ಕೆಟ್ಟುಹೋದ ಯಂತ್ರಗಳು ಪುಟ್ಟ ಡಬ್ಬಿಗಳಲ್ಲಿ ಅವನ ಮೇಜಿಗೆ ಬರುತ್ತವೆ. ಡಬ್ಬಿ ತೆರೆದು, ದೂರು ಓದಿ, ಕಂಪ್ಯೂಟರಿಗೆ ಏರಿಸಿ, ರಿಪೇರಿಯವರ ಬಳಿಗೆ ಕಳಿಸುವುದು, ಸರಿಯಾಗಿ ಬಂದದ್ದನ್ನು ಮತ್ತೆ ಗಿರಾಕಿಗೆ ತಲುಪಿಸುವುದು ಅವನ ಕೆಲಸ. ಕಿವಿ ಕೇಳದವರ ಕಷ್ಟವನ್ನು ದಿನವಿಡೀ ಓದುತ್ತಾನೆ. ಮನೆಗೆ ಬಂದರೆ ಅವನ ಸ್ವಂತ ತಾಯಿಗೆ ಕಿವಿ ಕೇಳುವುದಿಲ್ಲ.

ತಂಗಿಗೆ ಕಿವಿ ಮಂದವಾಗಿ ವರ್ಷಗಳಾದವು. ಮೊದಮೊದಲು ಟಿ.ವಿ. ಜೋರಾಯಿತು, ಆಮೇಲೆ ಕರೆಗಂಟೆ ಕೇಳದಾಯಿತು, ಕೊನೆಗೆ ಮನೆಯವರು ಅವಳ ತೋಳು ಮುಟ್ಟಿ ಮಾತಾಡುವುದನ್ನು ರೂಢಿಸಿಕೊಂಡರು. ತಪಾಸಣೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಗ ಹೇಳುತ್ತಲೇ ಇದ್ದ. ನೌಕರರ ಮನೆಯವರಿಗೆ ಕಂಪನಿಯಲ್ಲಿ ರಿಯಾಯಿತಿಯೂ ಇತ್ತು, ಆದ್ದರಿಂದ ಹಣದ ನೆಪ ಹೇಳುವಂತಿರಲಿಲ್ಲ. ‘ಈ ಭಾನುವಾರ’ ಎನ್ನುವನು. ಭಾನುವಾರ ಬರುವುದು, ಹೋಗುವುದು. ನಾನು ಕೇಳಿದರೆ ‘ಆಯ್ತು ದೊಡ್ಡಮ್ಮ’ ಎನ್ನುವನು. ಗೋಡೆಗೆ ಹೇಳಿದರೆ ಗೋಡೆಯಾದರೂ ಸುಮ್ಮನಿರುತ್ತದೆ.

ಕಂಪನಿ ಒಂದು ಹೊಸ ಯೋಜನೆ ತಂದಿತು. ಕಂಪನಿ ತನ್ನ ಪುಟದಲ್ಲಿ ತನ್ನನ್ನೇ ಹೊಗಳಿಕೊಂಡರೆ ಯಾರೂ ನೋಡುವುದಿಲ್ಲ, ಅಲ್ಲಿ ದುಡಿಯುವವರು ತಮ್ಮ ತಮ್ಮ ಖಾತೆಯಿಂದ ಹೊಗಳಿದರೆ ಜನ ನಂಬುತ್ತಾರೆ ಎಂಬುದು ಅದರ ತಿರುಳು. ನೌಕರರೆಲ್ಲ ಫೋನಿಗೆ ಒಂದು ಆ್ಯಪ್ ಹಾಕಿಕೊಂಡು, ಅದಕ್ಕೆ ತಮ್ಮ ಜಾಲತಾಣದ ಖಾತೆಯನ್ನು ಜೋಡಿಸಬೇಕು. ಪ್ರಚಾರ ವಿಭಾಗದವರು ಚಿತ್ರ, ಬರಹ ಎರಡನ್ನೂ ಸಿದ್ಧಪಡಿಸಿ ಅದರಲ್ಲಿ ಹಾಕುತ್ತಾರೆ. ಎಲ್ಲರ ಗೋಡೆಯ ಮೇಲೂ ಒಂದೇ ಮಾತು ಕಂಡರೆ ಅಸಹ್ಯವೆಂದು ಒಂದೊಂದಕ್ಕೂ ಮೂರು ಬಗೆಯ ಬರಹ. ಬೇಕಾದ್ದನ್ನು ಆರಿಸಿ ಆಗಲೇ ಹಾಕಬಹುದು, ಅಥವಾ ಸಮಯ ಗೊತ್ತುಮಾಡಿ ಬಿಟ್ಟರೆ ಆ್ಯಪ್ ತಾನೇ ಆ ಹೊತ್ತಿಗೆ ಹಾಕುತ್ತದೆ. ಹಾಕಿದವರಿಗೆ ಅಂಕ. ಹೆಚ್ಚು ಅಂಕ ಪಡೆದವರ ಹೆಸರು ಕ್ಯಾಂಟೀನಿನ ಪರದೆಯ ಮೇಲೆ. ‘ನಿಮ್ಮ ಅನುಭವಕ್ಕೆ ಹೊಂದುವಂತೆ ತಿದ್ದಿಕೊಳ್ಳಿ’ ಎಂಬ ಸೂಚನೆಯೂ ಪ್ರತಿ ಬರಹದ ಕೆಳಗೆ ಇರುತ್ತಿತ್ತು. ಸೇರುವುದು ಅವರವರ ಇಷ್ಟ ಎಂದು ಸುತ್ತೋಲೆ ಹೇಳಿತು. ಸೇರದವರು ಯಾರ್‍ಯಾರು ಎಂದು ಮ್ಯಾನೇಜರ್ ಕೇಳಿದ.

“ನಮ್ಮ ವಿಭಾಗ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿದೆ. ಏನ್ರೀ ಇದು, ಬೆರಳು ಸವೆದ್ಹೋಗುತ್ತಾ?” ಎಂದು ಆಯ್ತಪ್ಪನ ಮೇಜಿನ ಮುಂದೆ ನಿಂತ.

“ಆಯ್ತು ಸಾರ್.”

ಕಾಟ ತಪ್ಪಲಿ ಎಂದು ಆಯ್ತಪ್ಪ ಬಸ್ಸಿನಲ್ಲಿ ನಿಂತುಕೊಂಡೇ ಇಡೀ ತಿಂಗಳಿನದನ್ನೆಲ್ಲ ಒಟ್ಟಿಗೆ ಗುರುತು ಹಾಕಿ, ದಿನ ಗೊತ್ತುಮಾಡಿ, ಫೋನನ್ನು ಜೇಬಿಗಿಟ್ಟ. ಒಂದನ್ನೂ ಓದಲಿಲ್ಲ. ಓದದೆ ಆರಿಸಿದರೆ ಮೂರರಲ್ಲಿ ಮೊದಲನೆಯ ಬರಹವೇ ಹೋಗುತ್ತದೆ. ಕಡತ ಓದದೆ ಸಹಿ ಹಾಕಿದ ಮಂತ್ರಿಯ ಹಾಗೆ ಹಗುರಾಗಿ ಮನೆಗೆ ಬಂದ.

ಮೊದಲ ಎರಡು ವಾರ ಏನೂ ಆಗಲಿಲ್ಲ. ಹೊಸ ಬ್ಯಾಟರಿ, ಕಾರ್ಖಾನೆಯ ಪ್ರಶಸ್ತಿ, ಅಂಥವು. ಮೂರನೆಯ ವಾರ, ಅವನು ಡಬ್ಬಿಗಳನ್ನು ತೆರೆಯುತ್ತಿದ್ದ ಹೊತ್ತಿಗೆ ಅವನ ಹೆಸರಿನಲ್ಲಿ, ಅವನ ಫೋಟೊದ ಪಕ್ಕದಲ್ಲಿ, ಹೀಗೊಂದು ಬರಹ ಹೋಯಿತು: ‘ಇವತ್ತು ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ಎಷ್ಟೋ ವರ್ಷಗಳ ನಂತರ ನನ್ನ ಮಾತು ಅಮ್ಮನಿಗೆ ಒಂದೇ ಸಲಕ್ಕೆ ಕೇಳಿಸಿತು. ನಾನು ಈ ಕಂಪನಿಯಲ್ಲಿ ಏಕೆ ಕೆಲಸ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ, ಇದೇ ನನ್ನ ಉತ್ತರ.’

ಆ ದಿನ ನಾನು ತಂಗಿಯ ಮನೆಯಲ್ಲೇ ಇದ್ದೆ. ಇಬ್ಬರೂ ಊಟದ ಮೇಜಿಗೆ ಬಟಾಣಿ ಸುರಿದುಕೊಂಡು ಬಿಡಿಸುತ್ತಿದ್ದೆವು. ಆಯ್ತಪ್ಪನ ಅಕ್ಕ ಬೇರೆ ಊರಿನಲ್ಲಿ ಇದ್ದಾಳೆ. ತಮ್ಮನ ಬರಹದ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಗುಂಪಿಗೆ ಹಾಕಿ, ಕೆಳಗೆ ಬರೆದಿದ್ದಳು: ‘ಅಂತೂ ಅಮ್ಮಂಗೆ ಮೆಷಿನ್ ಹಾಕಿಸಿದ್ಯಲ್ಲೋ ಮಹಾರಾಯ! ನನಗೊಂದು ಮಾತು ಹೇಳಕ್ಕೇನಾಗಿತ್ತು?’

ಕಿವಿ ಹೋದ ಮೇಲೆ ತಂಗಿಗೆ ಫೋನೇ ಲೋಕ. ಬಂದದ್ದನ್ನೆಲ್ಲ ಓದುತ್ತಾಳೆ. ಕನ್ನಡಕ ಏರಿಸಿ ಅದನ್ನೂ ಓದಿದಳು. ಓದಿ ಮುಗಿಸುವಷ್ಟರಲ್ಲಿ ಫೋನ್ ಅದುರಿತು. ಮಗಳು. ಸಂತೋಷ ತಡೆಯಲಾರದೆ ಕರೆ ಮಾಡಿದ್ದಳು.

“ಯಾರು? ಏನು? ಏನಂದೆ?” ಎಂದು ತಂಗಿ ಮೂರು ಸಲ ಕೂಗಿ, ಫೋನನ್ನು ನನಗೆ ಕೊಟ್ಟಳು.

“ದೊಡ್ಡಮ್ಮ, ಅಮ್ಮ ಮೆಷಿನ್ ಹಾಕ್ಕೊಂಡಿಲ್ವಾ?” ಎಂದಳು ಆ ಕಡೆಯವಳು.

“ಎಲ್ಲಿಂದ ಹಾಕ್ಕೋತಾಳೆ? ಯಾರು ಕೊಡ್ಸಿದ್ದಾರೆ?” ಎಂದೆ.

ಅವಳು ತಟ್ಟನೆ ಫೋನ್ ಇಟ್ಟಳು. ತಂಗಿ ಮತ್ತೆ ಬಟಾಣಿಗೆ ಕೈ ಹಾಕಿದಳು, ಆದರೆ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕುತ್ತಿದ್ದಳು.

ಅತ್ತ ಕಚೇರಿಯಲ್ಲಿ ಆಯ್ತಪ್ಪನಿಗೆ ಜಾತ್ರೆಯ ಗದ್ದಲ. ಅಷ್ಟು ಲೈಕು ಅವನ ಜನ್ಮದಲ್ಲಿ ಬಂದಿರಲಿಲ್ಲ. ನಿರ್ದೇಶಕರೇ ಕಾಮೆಂಟು ಹಾಕಿದ್ದರು. ಕ್ಯಾಂಟೀನಿನ ಪರದೆಯಲ್ಲಿ ಅವನ ಹೆಸರು ಮೇಲೇರಿತ್ತು. ತಾನು ಏನು ಹಾಕಿದ್ದೇನೆ ಎಂದು ಅವನು ಮೊದಲ ಬಾರಿಗೆ ಓದಿದ್ದು ಆ ಪರದೆಯ ಮುಂದೆ, ಕೈಯಲ್ಲಿ ಊಟದ ತಟ್ಟೆ ಹಿಡಿದುಕೊಂಡು. ಅಕ್ಕನ ಸಂದೇಶ ನೋಡಿದ್ದು ಅದರ ನಂತರ. ‘ಅಮ್ಮಂಗೆ ಫೋನ್ ಮಾಡಿದ್ದೆ. ಥೂ ನಿನ್ನ’ ಎಂದಷ್ಟೇ ಇತ್ತು.

ಮ್ಯಾನೇಜರ್ ಬೆನ್ನು ತಟ್ಟಿದ. “ಪ್ರಚಾರದವರು ಕೇಳ್ತಿದ್ದಾರೆ, ನಿಮ್ಮ ತಾಯೀದೊಂದು ಸಣ್ಣ ವೀಡಿಯೊ ಬೇಕಂತೆ.”

“ಸಾರ್, ನಮ್ಮಮ್ಮ ಮೆಷಿನ್ ಹಾಕೋದೇ ಇಲ್ಲ.”

“ಅಂದ್ರೆ?”

“ತಪಾಸಣೇನೇ ಮಾಡ್ಸಿಲ್ಲ ಸಾರ್.”

ಮ್ಯಾನೇಜರ್ ಆಚೀಚೆ ನೋಡಿದ. “ಅಷ್ಟೇ ತಾನೆ? ಡೆಮೊ ಪೀಸ್ ತಗೊಂಡ್ಹೋಗಿ, ಕಿವಿಗೆ ಸಿಗ್ಸಿ, ‘ಅಮ್ಮಾ’ ಅನ್ನಿ, ಅವರು ನಕ್ಕರೆ ಮುಗೀತು. ಹಾಕಿದ ಮೇಲೆ ಅದು ನಿಜಾನೇ ಆಗ್ಬಿಡುತ್ತಲ್ರೀ!”

ತಪಾಸಣೆ ಮಾಡದೆ, ಆ ಕಿವಿಗೆ ತಕ್ಕಂತೆ ಹೊಂದಿಸದೆ ಸಿಗಿಸಿದ ಯಂತ್ರ ಬರೀ ಗದ್ದಲ ಮಾಡುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆ ದೂರುಗಳನ್ನು ಓದುವುದೇ ಅವನ ಕೆಲಸ. ಆದರೂ ಅಂದ: “ಆಯ್ತು ಸಾರ್.”

ಸಂಜೆ ಬಂದವನು ಚಪ್ಪಲಿ ಬಿಟ್ಟು, ಬ್ಯಾಗಿನಿಂದ ಆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ತಂಗಿ ಡಬ್ಬಿಯನ್ನು ನೋಡಲಿಲ್ಲ, ಮಗನನ್ನು ನೋಡಿದಳು.

“ಒಂದೇ ಮನೇಲಿದ್ದೀವಲ್ಲೋ. ಯಾವ ಅಮ್ಮಂಗೆ ಫೋನ್ ಮಾಡಿದ್ದೆ?”

“ಅಮ್ಮ, ಅದು ನಾನು ಬರ್ದಿದ್ದಲ್ಲ, ಆಫೀಸಿನೋರು...”

ಅವಳಿಗೆ ಕೇಳಿಸಲಿಲ್ಲ. ಅವನು ಡಬ್ಬಿ ತೆರೆದು ಯಂತ್ರವನ್ನು ಎರಡು ಬೆರಳಲ್ಲಿ ಹಿಡಿದು ಅವಳ ಕಿವಿಯ ಕಡೆ ಬಾಗಿದ. ಇನ್ನೊಂದು ಕೈಯಲ್ಲಿ ಫೋನಿತ್ತು, ಕ್ಯಾಮೆರಾ ತೆರೆದುಕೊಂಡಿತ್ತು. ಅವಳಿಗೆ ಕಣ್ಣು ಚೆನ್ನಾಗಿದೆ.

“ತೆಗಿ ಕೈ!” ಎಂದಳು. ಕಿವುಡರ ದನಿ ಜೋರು. “ಇಷ್ಟು ವರ್ಷ ನನಗೆ ಕೇಳ್ಲಿ ಅಂತ ಅನ್ಸಲಿಲ್ಲ ನಿನಗೆ. ಈಗ ನಿನ್ನ ಸುಳ್ಳು ನಿಜ ಮಾಡಕ್ಕೆ ನನ್ನ ಕಿವಿ ಬೇಕಾ?”

ಎದ್ದು ಕೋಣೆಗೆ ಹೋದಳು. ಸೊಸೆ ಗಂಡನಿಗೆ ಹೇಳಿದಳು: “ಮುಚ್ಚಿಡಿ ಆ ಡಬ್ಬೀನ. ನೋಡಕ್ಕಾಗಲ್ಲ.” ಅವನು ನನ್ನ ಮುಖ ನೋಡಿದ. ನಾನು ಎದ್ದು ತಂಗಿಯ ಕೋಣೆಗೆ ಹೋದೆ.

ಮರುದಿನ ಅವನು ಬರಹವನ್ನು ಆ್ಯಪಿನಿಂದ ತೆಗೆದ. ಜಾಲತಾಣದಲ್ಲಿ ಅದು ಹಾಗೇ ಇತ್ತು, ಅಭಿನಂದನೆ ಬರುತ್ತಲೇ ಇತ್ತು. ಅಲ್ಲಿಂದಲೂ ತೆಗೆಸಲೆಂದು ಪ್ರಚಾರ ವಿಭಾಗದ ಹೆಂಗಸಿನ ಬಳಿ ಹೋದ.

“ನಾನು ಇಲ್ಲಿಂದ ವಾಪಸ್ ತಗೊಂಡ್ರೆ ಬೇರೆಯೋರ ಖಾತೆಗೆ ಇನ್ನೂ ಹೋಗದೇ ಇರೋವು ನಿಲ್ಲುತ್ವೆ, ಸಾರ್,” ಎಂದಳು ಅವಳು. “ಹೋಗಿಬಿಟ್ಟಿದ್ದು ನಿಮ್ಮ ಖಾತೇಲಿದೆ, ನೀವೇ ಅಲ್ಲಿ ಹೋಗಿ ಅಳಿಸ್ಬೇಕು. ಆದ್ರೆ ಯಾಕೆ? ಎಷ್ಟು ಚೆನ್ನಾಗಿ ಹೋಗ್ತಿದೆ!”

“ಅದರಲ್ಲಿ ಇರೋದು ಸುಳ್ಳು.”

ಅವಳ ಮುಖ ಸಪ್ಪಗಾಯಿತು. “ನಾನು ಯಾರದೋ ಅಮ್ಮನ್ನ ನೆನೆಸ್ಕೊಂಡು ಬರ್ದೆ, ಸಾರ್. ನಿಜ ಇರೋರು ಹಾಕ್ತಾರೆ, ಇಲ್ದೋರು ತಿದ್ಕೋತಾರೆ ಅಂದ್ಕೊಂಡಿದ್ದೆ. ಓದೇ ಇಲ್ವಾ ನೀವು?”

ಅದೇ ಬರಹವನ್ನು ಓದದೆ ಹಾಕಿದವರು ಇನ್ನೂ ಕೆಲವರಿದ್ದರು, ಅವರಲ್ಲೊಬ್ಬನಿಗೆ ತಾಯಿ ತೀರಿಕೊಂಡು ವರ್ಷವಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಪ್ರಚಾರದ ಹೆಂಗಸು ಆ ಬರಹವನ್ನು ಆ್ಯಪಿನಿಂದ ಹಿಂತೆಗೆದಳು. ಆಯ್ತಪ್ಪ ತನ್ನ ಖಾತೆಗೆ ಹೋಗಿ ಅಳಿಸಿದ, ಸಾಲಿನಲ್ಲಿ ಕಾದಿದ್ದ ಉಳಿದವನ್ನು ರದ್ದು ಮಾಡಿದ, ಆ್ಯಪಿನಿಂದ ಖಾತೆಯ ಕೊಂಡಿಯನ್ನು ಬಿಡಿಸಿದ. ಮ್ಯಾನೇಜರ್ ಕರೆದು, “ಯಾರೂ ಕೇಳಿರಲಿಲ್ಲ, ಸುಮ್ಮನೆ ಬಿಟ್ಟಿದ್ರೆ ಮರೀತಿದ್ರು. ವಾಪಸ್ ಹಾಕ್ರೀ” ಎಂದ. ಆಯ್ತಪ್ಪ ಅವತ್ತು ‘ಆಯ್ತು’ ಎನ್ನಲಿಲ್ಲ. ಏನೂ ಎನ್ನಲಿಲ್ಲ. ಅದನ್ನು ಧೈರ್ಯ ಎಂದು ನಾನು ಕರೆಯುವುದಿಲ್ಲ. ನಾಚಿಕೆ ಹೆಚ್ಚಾದಾಗ ನಾಲಿಗೆ ಏಳುವುದಿಲ್ಲ, ಅಷ್ಟೆ.

ಅಳಿಸಿದರೆ ಓದಿದವರ ತಲೆಯಿಂದ ಅಳಿಯುತ್ತದೆಯೇ? ಅದಕ್ಕೇ ಇನ್ನೊಂದನ್ನು ಬರೆದ. ಊಟದ ಬಿಡುವಿನಲ್ಲಿ, ಹೆಬ್ಬೆರಳಿನಿಂದ ಒತ್ತಿ, ಒರೆಸಿ, ಮತ್ತೆ ಒತ್ತಿ. ‘ನಿನ್ನೆ ನನ್ನ ಹೆಸರಿನಲ್ಲಿ ಬಂದದ್ದು ನಾನು ಬರೆದದ್ದಲ್ಲ, ಓದದೆ ಹಾಕಿದ್ದು. ನನ್ನ ಅಮ್ಮನಿಗೆ ಕಿವಿ ಕೇಳುವುದಿಲ್ಲ. ಕಿವಿಯ ಯಂತ್ರ ಮಾಡುವ ಕಡೆ ಕೆಲಸ ಮಾಡುತ್ತಿದ್ದೂ ನಾನು ಅವಳನ್ನು ತಪಾಸಣೆಗೆ ಕರೆದುಕೊಂಡು ಹೋಗಿಲ್ಲ. ನೀವು ಹೇಳಿದ ಅಭಿನಂದನೆ ನನಗೆ ಸಲ್ಲುವುದಿಲ್ಲ.’ ಇದನ್ನು ನೋಡಿದವರು ಬೆರಳೆಣಿಕೆಯಷ್ಟು. ಸುಳ್ಳಿಗಿರುವ ಕಾಲು ತಪ್ಪೊಪ್ಪಿಗೆಗೆ ಇರುವುದಿಲ್ಲ. ಅವರಲ್ಲಿ ಅಕ್ಕನೂ ಒಬ್ಬಳು.

ಸಂಜೆ ತಾಯಿಯ ಕೋಣೆಗೆ ಹೋಗಿ ಫೋನನ್ನು ಅವಳ ಮುಂದೆ ಹಿಡಿದ. ನಾನು ಅವಳ ಮಂಚದ ಮೇಲೆ ಕುಳಿತಿದ್ದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು, ಮೇಲಿನಿಂದ ಇನ್ನೊಮ್ಮೆ ಓದಿದಳು. ಆಮೇಲೆ ತಲೆಯೆತ್ತಿ, ಕುಹಕವಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು:

“ಇದನ್ನೂ ಅವರೇ ಬರ್ಕೊಟ್ರಾ?”

“ಇಲ್ಲಮ್ಮ, ನಾನೇ ಬರ್ದೆ.”

“ಏನು?”

“ನಾನೇ ಬರ್ದೆ.”

“ಏನಂದೆ?”

ಅವನು ಅವಳ ಕಿವಿಯ ಹತ್ತಿರ ಬಾಗಿ, ಅಡುಗೆಮನೆಯಲ್ಲಿದ್ದ ಹೆಂಡತಿಗೂ ಪಕ್ಕದ ಮನೆಯವರಿಗೂ ಕೇಳಿಸುವಂತೆ ಕೂಗಿದ:

“ನಾನೇ ಬರ್ದೆ ಅಮ್ಮಾ!”

ಅವಳು ಫೋನನ್ನು ಅವನಿಗೆ ಹಿಂದಿರುಗಿಸಿದಳು. ನಂಬಿದಳೋ ಇಲ್ಲವೋ ಅವಳ ಮುಖದಲ್ಲಿ ನನಗೆ ಕಾಣಲಿಲ್ಲ. ತಪಾಸಣೆಗೆ ಹೋಗೋಣವೇ ಎಂದು ಅವನು ಕಿವಿ ಮುಟ್ಟಿ ತೋರಿಸಿದಾಗ ಒಪ್ಪಿದಳು. ಜೊತೆಗೆ ಯಾರು ಬರಬೇಕು ಎಂದು ಅವನು ಕೈಸನ್ನೆಯಲ್ಲಿ ಕೇಳಿದಾಗ, ಅವಳು ನನ್ನ ತೋಳು ಹಿಡಿದುಕೊಂಡಳು.